ನೂರಕ್ಕೆ ಹತ್ತಿರದ ಎರಡು ಸಂಖ್ಯೆಗಳ ಗುಣಾಕಾರ: ಕೊರತೆಯಿಂದ ಉತ್ತರಕ್ಕೆ

(ಬದಿಯಡ್ಕದ ಸಮೀಪದ ಒಂದು ವಾಚನಾಲಯದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ವ್ಯಾಪಾರಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ.)

ಈ ವಾಚನಾಲಯಕ್ಕೆ ತಲಾ 95 ರೂಪಾಯಿ ಬೆಲೆಯ 98 ಪುಸ್ತಕಗಳನ್ನು ಕೊಳ್ಳಬೇಕಾಗಿದೆ ಎಂದು ಭಾವಿಸೋಣ. ಕಾಗದ, ಪೆನ್ನು, ಮೊಬೈಲು ಯಾವುದೂ ಇಲ್ಲದೆ ಒಟ್ಟು ಬೆಲೆಯನ್ನು ಹೇಳಬೇಕು. ಪೇಟೆಯಲ್ಲಿ ಬಹಳ ವರ್ಷ ಅಂಗಡಿ ನಡೆಸಿದವರು ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಎಂಟೈದಲೆ ನಲವತ್ತು ಎಂದು ಆರಂಭಿಸುವುದಿಲ್ಲ. ನೂರು ಪುಸ್ತಕಕ್ಕೆ 9500, ಅದರಲ್ಲಿ ಎರಡು ಪುಸ್ತಕ ಕಡಿಮೆ, ಆದ್ದರಿಂದ 190 ಕಳೆದರೆ 9310 ಎನ್ನುತ್ತಾರೆ. ಇಂದಿನ ನನ್ನ ಮಾತಿನ ತಿರುಳು ಈ ಅಂಗಡಿ ಲೆಕ್ಕದಲ್ಲಿಯೇ ಇದೆ. ಇದನ್ನು ಒಂದು ಸಲ ಮಾಡುವ ಬದಲು ಎರಡು ಸಲ ಮಾಡಿದರೆ ಏನಾಗುತ್ತದೆ ಎಂಬುದಷ್ಟೇ ನಾವು ನೋಡಬೇಕಾದ ವಿಷಯ.

ಒಂದು ಸಲ ಮಾಡುವ ಕ್ರಮ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಗುಣಕಕ್ಕೆ ನಮಗೆ ಇಷ್ಟವಾದ ಸಂಖ್ಯೆಯನ್ನು ಕೂಡಿಸಿ ಅಥವಾ ಕಳೆದು ಗುಣಿಸಿ, ಅನಂತರ ಆ ಹೆಚ್ಚುಕಡಿಮೆಯನ್ನು ಸರಿಪಡಿಸಿಕೊಳ್ಳುವ ವಿಧಾನವನ್ನು ಹೇಳಿದ್ದಾರೆ. ಅಲ್ಲಿಯ ಉದಾಹರಣೆ 135ನ್ನು 12ರಿಂದ ಗುಣಿಸುವುದು. 12ಕ್ಕೆ 8 ಕೂಡಿಸಿ 20 ಮಾಡಿಕೊಂಡರೆ 2700 ಬರುತ್ತದೆ. ಅದರಿಂದ 135ರ ಎಂಟು ಪಟ್ಟು, ಅಂದರೆ 1080ನ್ನು ಕಳೆದರೆ 1620. ನಮ್ಮ ಅಂಗಡಿಯವರು 98ನ್ನು 100 ಮಾಡಿಕೊಂಡದ್ದು ಇದೇ ರೀತಿ.

ಈಗ 97 ಮತ್ತು 94ನ್ನು ತೆಗೆದುಕೊಳ್ಳೋಣ. ಮೊದಲು ಅಂಗಡಿ ಲೆಕ್ಕ: 94ರ ನೂರು ಪಟ್ಟು 9400, ಅದರಿಂದ 94ರ ಮೂರು ಪಟ್ಟನ್ನು ಕಳೆಯಬೇಕು. ಆದರೆ ಈ 94ರ ಮೂರು ಪಟ್ಟನ್ನೂ ನೇರವಾಗಿ ಕಂಡುಹಿಡಿಯಬೇಕಾಗಿಲ್ಲ. 94 ಎಂದರೆ ನೂರಕ್ಕೆ ಆರು ಕಡಿಮೆ. ಆದ್ದರಿಂದ ಅದರ ಮೂರು ಪಟ್ಟು ಮುನ್ನೂರಕ್ಕೆ ಹದಿನೆಂಟು ಕಡಿಮೆ. ಹಾಗಾಗಿ 9400ರಿಂದ 300 ಕಳೆದು, ಹೆಚ್ಚಾಗಿ ಕಳೆದುಹೋದ 18ನ್ನು ಮರಳಿ ಕೂಡಿಸಿದರೆ 9118. ಇಲ್ಲಿ ಸ್ವಲ್ಪ ನಿಂತು ಗಮನಿಸಿ. 9400ರಿಂದ 300 ಕಳೆಯುವುದೆಂದರೆ 94ರಿಂದ 3 ಕಳೆದು 91 ಎಂದು ಬರೆದು ನೂರರ ಸ್ಥಾನದಲ್ಲಿ ಇಡುವುದು. 18 ಎಂಬುದು ಮೂರು ಮತ್ತು ಆರರ ಗುಣಲಬ್ಧ. ಎಂದರೆ ಉತ್ತರ ಎರಡು ತುಂಡುಗಳಾಗಿ ಬರುತ್ತದೆ: ಎಡಭಾಗದಲ್ಲಿ 91, ಬಲಭಾಗದಲ್ಲಿ 18.

ಕ್ರಮವನ್ನು ಹೀಗೆ ಹೇಳಬಹುದು. ಪ್ರತಿಯೊಂದು ಸಂಖ್ಯೆಯೂ ನೂರಕ್ಕೆ ಎಷ್ಟು ಕಡಿಮೆ ಎಂದು ನೋಡಬೇಕು. ಪಠ್ಯಗಳಲ್ಲಿ ಇದನ್ನು ಪೂರಕ ಸಂಖ್ಯೆ ಎನ್ನುತ್ತಾರೆ, ನಾನು ಕೊರತೆ ಎನ್ನುತ್ತೇನೆ. ಒಂದು ಸಂಖ್ಯೆಯಿಂದ ಇನ್ನೊಂದರ ಕೊರತೆಯನ್ನು ಅಡ್ಡವಾಗಿ ಕಳೆದರೆ ಎಡಭಾಗ ಸಿಗುತ್ತದೆ. ಎರಡು ಕೊರತೆಗಳನ್ನು ಗುಣಿಸಿದರೆ ಬಲಭಾಗ ಸಿಗುತ್ತದೆ. ಮನಸ್ಸಿನಲ್ಲಿ ಮಾಡುವಾಗ ಬರೆದುಕೊಳ್ಳಬೇಕೆಂದಿದ್ದರೆ ಇಷ್ಟು ಚಿತ್ರ ಸಾಕು:

```
97   3
94   6
------
91 | 18
```

ಕೊರತೆಗಳ ಗುಣಲಬ್ಧವನ್ನು ಕಳೆಯುವುದರ ಬದಲು ಕೂಡಿಸುವುದೇಕೆ ಎಂಬ ಸಂಶಯ ಸಾಮಾನ್ಯವಾಗಿ ಎಂಟನೆಯ ತರಗತಿಯ ಮಕ್ಕಳಿಗೆ ಬರುತ್ತದೆ. ದೊಡ್ಡವರಿಗೂ ಬರುತ್ತದೆ, ಅವರು ಕೇಳುವುದಿಲ್ಲ ಅಷ್ಟೆ. ನೂರು ಸಾಲು, ಸಾಲಿಗೆ ನೂರು ಸಸಿಗಳಿರುವ ಒಂದು ಚೌಕಾಕಾರದ ಅಡಿಕೆ ತೋಟವನ್ನು ಕಲ್ಪಿಸಿಕೊಳ್ಳಿ. ಸಸಿಯಿಂದ ಸಸಿಗೆ 2.7 ಮೀಟರ್ ಅಂತರ ಬಿಟ್ಟರೆ ಅಂತಹ ತೋಟಕ್ಕೆ ಸುಮಾರು ಹದಿನೆಂಟು ಎಕರೆ ಬೇಕಾಗುತ್ತದೆ, ಆದುದರಿಂದ ಇದನ್ನು ಕಲ್ಪನೆಯಲ್ಲಿ ನೆಡುವುದೇ ಒಳ್ಳೆಯದು. ಒಟ್ಟು ಹತ್ತು ಸಾವಿರ ಸಸಿಗಳು. ತೆಂಕು ಬದಿಯ ಮೂರು ಸಾಲುಗಳನ್ನು ಕಿತ್ತರೆ 300 ಸಸಿ ಹೋಯಿತು. ಮೂಡು ಬದಿಯಲ್ಲಿ ಪ್ರತಿ ಸಾಲಿನ ಕೊನೆಯ ಆರಾರು ಸಸಿಗಳನ್ನು ಕಿತ್ತರೆ 600 ಹೋಯಿತು ಎಂದು ನಾವು ಲೆಕ್ಕ ಬರೆಯುತ್ತೇವೆ. ಆದರೆ ತೆಂಕು ಮತ್ತು ಮೂಡು ಸೇರುವ ಮೂಲೆಯಲ್ಲಿದ್ದ ಹದಿನೆಂಟು ಸಸಿಗಳು ಮುನ್ನೂರರಲ್ಲಿಯೂ ಇವೆ, ಆರುನೂರರಲ್ಲಿಯೂ ಇವೆ. ಒಂದೇ ಸಸಿಯನ್ನು ಎರಡು ಸಲ ಕಿತ್ತಂತೆ ಲೆಕ್ಕ ಬರೆದುದರಿಂದ ಆ ಹದಿನೆಂಟನ್ನು ಒಮ್ಮೆ ಮರಳಿ ಕೂಡಿಸಬೇಕು. 10000ರಿಂದ 900 ಕಳೆದು 9100, ಅದಕ್ಕೆ 18 ಸೇರಿಸಿ 9118. ಉಳಿದ ತೋಟದಲ್ಲಿ ಸಾಲುಗಳು 97, ಸಾಲಿಗೆ ಸಸಿಗಳು 94. ಬೀಜಗಣಿತದಲ್ಲಿ ಇದೇ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ:

(100 − a)(100 − b) = 100(100 − a − b) + ab

ಈ ಕ್ರಮವನ್ನು ಇಂದು ಬಹುಪಾಲು ಜನರು ವೇದಗಣಿತ ಎಂಬ ಹೆಸರಿನಲ್ಲಿ, "ನಿಖಿಲಂ ನವತಶ್ಚರಮಂ ದಶತಃ" ಎಂಬ ಸೂತ್ರದೊಂದಿಗೆ ಕಲಿಯುತ್ತಾರೆ. ಆ ಸೂತ್ರವನ್ನು ಪ್ರಚಾರಕ್ಕೆ ತಂದವರು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರು. ಅವರು 1960ರಲ್ಲಿ ನಿಧನರಾದ ಮೇಲೆ, 1965ರಲ್ಲಿ ಅವರ ಪುಸ್ತಕ ಅಚ್ಚಾಯಿತು. ನಮಗೆ ತಿಳಿದಿರುವ ಯಾವ ವೇದಪಾಠದಲ್ಲಿಯೂ ಈ ಸೂತ್ರ ದೊರೆತಿಲ್ಲವಾದುದರಿಂದ ಅದರ ಪ್ರಾಚೀನತೆಯ ಬಗ್ಗೆ ನಾನು ಏನನ್ನೂ ಸಾಧಿಸಲು ಹೋಗುವುದಿಲ್ಲ. ಸೂತ್ರ ಹೇಳುವ ಕೆಲಸ ಮಾತ್ರ ಸ್ಪಷ್ಟವಾಗಿದೆ ಮತ್ತು ಉಪಯುಕ್ತವಾಗಿದೆ: ಎಲ್ಲ ಅಂಕಿಗಳನ್ನು ಒಂಬತ್ತರಿಂದ ಕಳೆಯಿರಿ, ಕೊನೆಯದನ್ನು ಮಾತ್ರ ಹತ್ತರಿಂದ ಕಳೆಯಿರಿ. 88ರ ಕೊರತೆಯನ್ನು ಕಾಣಲು ಮೊದಲ 8ನ್ನು ಒಂಬತ್ತರಿಂದ ಕಳೆದರೆ 1, ಕೊನೆಯ 8ನ್ನು ಹತ್ತರಿಂದ ಕಳೆದರೆ 2, ಕೊರತೆ 12. ಎರಡು ಅಂಕಿಗಳನ್ನೂ ಹತ್ತರಿಂದ ಕಳೆಯುವ ಮಕ್ಕಳು 22 ಎನ್ನುತ್ತಾರೆ. ತರಗತಿಯಲ್ಲಿ ಈ ಲೆಕ್ಕ ಕೆಡುವುದು ಬಹಳಷ್ಟು ಸಲ ಇಲ್ಲಿಯೇ, ಗುಣಾಕಾರದಲ್ಲಲ್ಲ.

ಸಂತೋಷದ ಸಂಗತಿಯೆಂದರೆ ಈ ತಪ್ಪನ್ನು ಕ್ರಮವೇ ತೋರಿಸಿಕೊಡುತ್ತದೆ. ಅಡ್ಡ ಕಳೆಯುವುದನ್ನು ಎರಡು ರೀತಿಯಲ್ಲಿ ಮಾಡಬಹುದು. 97ರಿಂದ 6 ಕಳೆದರೂ 91, 94ರಿಂದ 3 ಕಳೆದರೂ 91. ಎರಡೂ ನೂರರಿಂದ ಎರಡು ಕೊರತೆಗಳನ್ನು ಕಳೆದ ಫಲವೇ ಆದುದರಿಂದ ಅವು ಒಂದೇ ಆಗಿರಬೇಕು. ಈಗ 88 ಮತ್ತು 86ನ್ನು ಗುಣಿಸುವಾಗ 88ರ ಕೊರತೆಯನ್ನು 22 ಎಂದು ತಿಳಿದಿದ್ದರೆ, ಒಂದು ಕಡೆಯಿಂದ 88ರಿಂದ 14 ಕಳೆದು 74 ಬರುತ್ತದೆ, ಇನ್ನೊಂದು ಕಡೆಯಿಂದ 86ರಿಂದ 22 ಕಳೆದು 64 ಬರುತ್ತದೆ. ಎರಡು ಉತ್ತರ ಹೊಂದದಿದ್ದಾಗ ಮುಂದೆ ಹೋಗಬಾರದು, ಕೊರತೆಗೆ ಹಿಂತಿರುಗಬೇಕು. ಆದುದರಿಂದ ಕಲಿಯುವ ಹಂತದಲ್ಲಿ ಎರಡೂ ಅಡ್ಡಗಳನ್ನು ಮಾಡಿಸಿ ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಅದಕ್ಕೆ ಒಂದು ಕ್ಷಣ ಸಾಕು.

ಇನ್ನು ಬಲಭಾಗದ ವಿಷಯ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕ್ರಮವನ್ನು ಬಾಯಿಪಾಠ ಮಾಡಿದವರು ಎಡವುವ ಜಾಗ ಇದು. ಎಡಭಾಗ ನೂರರ ಲೆಕ್ಕದಲ್ಲಿರುವುದರಿಂದ ಅದರ ಬಲಕ್ಕೆ ಎರಡೇ ಸ್ಥಾನಗಳಿವೆ: ಹತ್ತರದು ಮತ್ತು ಬಿಡಿಯದು. ಕೊರತೆಗಳ ಗುಣಲಬ್ಧ ಒಂದೇ ಅಂಕಿಯದಾಗಿದ್ದರೆ ಹತ್ತರ ಸ್ಥಾನವನ್ನು ಸೊನ್ನೆಯಿಂದ ತುಂಬಬೇಕು; ಮೂರು ಅಂಕಿಯದಾಗಿದ್ದರೆ ನೂರರ ಅಂಕಿಯನ್ನು ಎಡಭಾಗಕ್ಕೆ ದಾಟಿಸಬೇಕು.

98 ಮತ್ತು 97ರಲ್ಲಿ ಕೊರತೆಗಳು 2 ಮತ್ತು 3. ಎಡಭಾಗ 95, ಗುಣಲಬ್ಧ 6. ಉತ್ತರ 9506, 956 ಅಲ್ಲ. 88 ಮತ್ತು 86ರಲ್ಲಿ ಕೊರತೆಗಳು 12 ಮತ್ತು 14. ಎಡಭಾಗ 74, ಗುಣಲಬ್ಧ 168. ಈ 168ರಲ್ಲಿರುವ ಒಂದು ನೂರು ಎಡಕ್ಕೆ ಹೋಗಿ 74ನ್ನು 75 ಮಾಡುತ್ತದೆ, 68 ಬಲದಲ್ಲಿ ಉಳಿಯುತ್ತದೆ; ಉತ್ತರ 7568. ಮನಸ್ಸಿನಲ್ಲಿ ಮಾಡುವವರು 74, 168 ಎಂದು ಎರಡು ತುಂಡುಗಳನ್ನು ಇಟ್ಟುಕೊಳ್ಳುವ ಬದಲು "ಏಳು ಸಾವಿರದ ನಾನೂರು, ಅದಕ್ಕೆ ನೂರ ಅರುವತ್ತೆಂಟು" ಎಂದು ಪೂರ್ಣ ಸಂಖ್ಯೆಯಾಗಿ ಹೇಳಿಕೊಂಡರೆ ದಾಟಿಸುವ ಗೊಡವೆಯೇ ಇರುವುದಿಲ್ಲ. ಹಾಗೆಯೇ "ಒಂಬತ್ತು ಸಾವಿರದ ಐನೂರು, ಅದಕ್ಕೆ ಆರು" ಎಂದುಕೊಂಡವರು 956 ಎಂದು ಹೇಳುವುದು ಸಾಧ್ಯವಿಲ್ಲ. ಬಾಯಿಲೆಕ್ಕದಲ್ಲಿ ಬಾಯಿಯನ್ನೇ ಬಳಸಬೇಕು. ತುಂಡುಗಳನ್ನು ಅಂಟಿಸುವ ಅಭ್ಯಾಸ ಕಾಗದಕ್ಕೆ ಸೇರಿದ್ದು. ಸಾವಿರದ ಸಮೀಪದ ಸಂಖ್ಯೆಗಳಲ್ಲಿ ಬಲಕ್ಕೆ ಮೂರು ಸ್ಥಾನಗಳಿರುತ್ತವೆ ಎಂಬುದನ್ನು ಈಗ ಬೇರೆಯಾಗಿ ವಿವರಿಸಬೇಕಾಗಿಲ್ಲ: 997 ಮತ್ತು 988ರ ಕೊರತೆಗಳು 3 ಮತ್ತು 12, ಎಡಭಾಗ 985, ಬಲಭಾಗ 036, ಉತ್ತರ 985036.

ಈ ಎರಡು ತಪ್ಪುಗಳ ವಿಷಯದಲ್ಲಿ ನನಗೆ ಕುತೂಹಲಕರವಾಗಿ ಕಂಡ ಒಂದು ಸಂಗತಿಯಿದೆ. ಗುಣಾಕಾರವನ್ನು ಪರೀಕ್ಷಿಸಲು ನಾವು ಅಂಕಿಗಳನ್ನು ಕೂಡಿಸಿ ಒಂಬತ್ತರ ಶೇಷವನ್ನು ನೋಡುತ್ತೇವೆ. 98ರ ಅಂಕಿಗಳ ಮೊತ್ತ 17, ಅದರದು 8. 97ರದು 16, ಅದರದು 7. ಎಂಟೇಳಲೆ ಐವತ್ತಾರು, ಅದರದು 11, ಕೊನೆಗೆ 2. ಸರಿಯಾದ ಉತ್ತರ 9506ರ ಮೊತ್ತ 20, ಅದರದೂ 2. ಪರೀಕ್ಷೆ ಸರಿಹೋಯಿತು. ಆದರೆ ತಪ್ಪು ಉತ್ತರವಾದ 956ರ ಮೊತ್ತವೂ 20. ಸೊನ್ನೆ ಮೊತ್ತಕ್ಕೆ ಏನನ್ನೂ ಸೇರಿಸುವುದಿಲ್ಲವಾದುದರಿಂದ ಅದು ಬಿಟ್ಟುಹೋದುದು ಪರೀಕ್ಷೆಗೆ ಕಾಣುವುದೇ ಇಲ್ಲ. ಇನ್ನೊಂದನ್ನು ನೋಡಿ: ದಾಟಿಸದೆ ಅಂಟಿಸಿದ 74168ರ ಅಂಕಿಗಳ ಮೊತ್ತ 26, ಸರಿಯಾದ 7568ರ ಮೊತ್ತವೂ 26. ಇದು ಕಾಕತಾಳೀಯವಲ್ಲ. ಹತ್ತು, ನೂರು, ಸಾವಿರ ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಒಂದೇ ಉಳಿಯುವುದರಿಂದ, ಎಡಭಾಗವು ತನ್ನ ಸ್ಥಾನವನ್ನು ಬಿಟ್ಟು ಆಚೆಗೆ ಅಥವಾ ಈಚೆಗೆ ಸರಿದರೆ ಒಂಬತ್ತರ ಪರೀಕ್ಷೆಗೆ ಅದು ಎಂದೂ ತಿಳಿಯುವುದಿಲ್ಲ. ಅಂದರೆ ಈ ಕ್ರಮದಲ್ಲಿ ಅತ್ಯಂತ ಸುಲಭವಾಗಿ ಆಗುವ ಎರಡು ತಪ್ಪುಗಳಿಗೆ ನಾವು ಅತ್ಯಂತ ಹೆಚ್ಚಾಗಿ ನಂಬಿಕೊಂಡಿರುವ ಪರೀಕ್ಷೆ ಕುರುಡಾಗಿದೆ. ಇವನ್ನು ಹಿಡಿಯಲು ಉತ್ತರದ ಗಾತ್ರವನ್ನು ನೋಡಬೇಕು. ಎರಡು ಸಂಖ್ಯೆಗಳೂ 80 ಮತ್ತು 100ರ ನಡುವೆ ಇದ್ದರೆ ಉತ್ತರ 6400 ಮತ್ತು 10000ದ ನಡುವೆಯೇ ಇರಬೇಕು, ಅಂದರೆ ನಾಲ್ಕು ಅಂಕಿಗಳಿರಬೇಕು. 956ರಲ್ಲಿ ಮೂರಿವೆ, 74168ರಲ್ಲಿ ಐದಿವೆ.

ನೂರಕ್ಕಿಂತ ಹೆಚ್ಚಿನ ಸಂಖ್ಯೆಗಳಲ್ಲಿ ಕೊರತೆಯ ಬದಲು ಹೆಚ್ಚಳ ಇರುತ್ತದೆ, ಅಡ್ಡ ಕಳೆಯುವ ಬದಲು ಅಡ್ಡ ಕೂಡಿಸಬೇಕು. 107 ಮತ್ತು 108ರಲ್ಲಿ ಎಡಭಾಗ 115, ಬಲಭಾಗ 56, ಉತ್ತರ 11556. 112 ಮತ್ತು 109ರಲ್ಲಿ ಎಡಭಾಗ 121, ಗುಣಲಬ್ಧ 108. ಹನ್ನೆರಡು ಸಾವಿರದ ನೂರಕ್ಕೆ ನೂರ ಎಂಟನ್ನು ಸೇರಿಸಿದರೆ 12208. ಇದರಲ್ಲಿ ಹೊಸತೇನೂ ಇಲ್ಲ.

ಒಂದು ನೂರಕ್ಕಿಂತ ಹೆಚ್ಚು, ಇನ್ನೊಂದು ಕಡಿಮೆ ಇರುವಾಗ ಮಾತ್ರ ಎಚ್ಚರ ಬೇಕು. 104 ಮತ್ತು 97ನ್ನು ತೆಗೆದುಕೊಳ್ಳಿ. ಹೆಚ್ಚಳ 4, ಕೊರತೆ 3. ಎಡಭಾಗ 104ರಿಂದ 3 ಕಳೆದರೂ 101, 97ಕ್ಕೆ 4 ಕೂಡಿಸಿದರೂ 101. ಆದರೆ ಬಲಭಾಗದ 12ನ್ನು ಈಗ ಕಳೆಯಬೇಕು: 10100ರಿಂದ 12 ಕಳೆದರೆ 10088. ಮತ್ತೆ ತೋಟಕ್ಕೆ ಹೋದರೆ ಕಾರಣ ತಿಳಿಯುತ್ತದೆ. ಮೂರು ಸಾಲು ಕಿತ್ತಾಗ 300 ಹೋಯಿತು, ಉಳಿದ ಸಾಲುಗಳಿಗೆ ನಾಲ್ಕು ನಾಲ್ಕು ಸಸಿ ಸೇರಿಸಿದಾಗ 400 ಬಂತು ಎಂದು ಬರೆದೆವು. ಆದರೆ ಸಾಲುಗಳು ನೂರು ಇಲ್ಲ, ತೊಂಬತ್ತೇಳೇ ಇರುವುದು. ಇಲ್ಲದ ಮೂರು ಸಾಲುಗಳಿಗೂ ನಾಲ್ಕು ನಾಲ್ಕು ಸೇರಿಸಿದ ಹನ್ನೆರಡು ಸಸಿಗಳನ್ನು ಲೆಕ್ಕದಿಂದ ತೆಗೆಯಬೇಕು. ಅಭ್ಯಾಸಬಲದಿಂದ 12ನ್ನು ಕೂಡಿಸಿ 10112 ಎಂದವರಿಗೆ ಕೊನೆಯ ಅಂಕಿ ಎಚ್ಚರಿಕೆ ಕೊಡುತ್ತದೆ: ನಾಲ್ಕೇಳಲೆ ಇಪ್ಪತ್ತೆಂಟು, ಆದ್ದರಿಂದ ಉತ್ತರ ಎಂಟರಲ್ಲಿ ಮುಗಿಯಬೇಕು. 103 ಮತ್ತು 97ರಲ್ಲಿ ಇದೇ ತಪ್ಪು ಮಾಡಿ 9991ರ ಬದಲು 10009 ಎಂದರೆ ಒಂಬತ್ತರ ಪರೀಕ್ಷೆ ಮತ್ತೆ ಸುಮ್ಮನಿರುತ್ತದೆ, ಏಕೆಂದರೆ ಎರಡರ ವ್ಯತ್ಯಾಸ 18. ಅಲ್ಲಿಯೂ ಮೂರೇಳಲೆ ಇಪ್ಪತ್ತೊಂದು ಎಂಬುದೇ ಸತ್ಯವನ್ನು ಹೇಳುತ್ತದೆ.

ಈ ಕ್ರಮವನ್ನು ಎಲ್ಲಿ ಬಿಡಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಉತ್ಸಾಹಿಗಳು ಇದನ್ನು 73 ಮತ್ತು 68ಕ್ಕೂ ಹಚ್ಚುವುದನ್ನು ಕಂಡಿದ್ದೇನೆ. ಕ್ರಮ ಅಲ್ಲಿಯೂ ಸುಳ್ಳಾಗುವುದಿಲ್ಲ. ಕೊರತೆಗಳು 27 ಮತ್ತು 32, ಎಡಭಾಗ 41, ಗುಣಲಬ್ಧ 864, ಒಟ್ಟು 4964. ಆದರೆ 27 ಮತ್ತು 32ನ್ನು ಗುಣಿಸುವ ಶ್ರಮ ಮೂಲ ಲೆಕ್ಕದ ಶ್ರಮಕ್ಕಿಂತ ಕಡಿಮೆಯೇನಲ್ಲ. ಒಂದು ಭಾರವನ್ನು ಇಳಿಸಿ ಅಷ್ಟೇ ತೂಕದ ಇನ್ನೊಂದನ್ನು ಹೊತ್ತಂತಾಯಿತು. 68ರ ಎಪ್ಪತ್ತು ಪಟ್ಟು 4760, ಮೂರು ಪಟ್ಟು 204, ಒಟ್ಟು 4964 ಎನ್ನುವುದು ಎಷ್ಟೋ ನೇರ. ಕೊರತೆಗಳೆರಡೂ ಮಗ್ಗಿಯಲ್ಲಿ ಬಾಯಿಗೆ ಬರುವಷ್ಟು ಸಣ್ಣದಿರುವವರೆಗೆ, ಅಂದರೆ ಸುಮಾರು ಹನ್ನೆರಡರಿಂದ ಹದಿನೈದರವರೆಗೆ, ಇದು ಲಾಭದ ದಾರಿ. ಒಂದು ಸಂಖ್ಯೆ ಮಾತ್ರ ನೂರಕ್ಕೆ ಹತ್ತಿರವಿದ್ದು ಇನ್ನೊಂದು ದೂರವಿದ್ದರೆ, ಉದಾಹರಣೆಗೆ 97 ಮತ್ತು 64, ಅಂಗಡಿ ಲೆಕ್ಕವೇ ಮೇಲು: 6400ರಿಂದ 192 ಕಳೆದರೆ 6208.

ಉಪನ್ಯಾಸ ಮುಗಿದ ಮೇಲೆ ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿರುವ ಒಬ್ಬ ಯುವಕ, "ಮಾಷ್ಟ್ರೇ, ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳಿದರೆ ಪೂರ್ತಿ ಲೆಕ್ಕ ಮಾಡಬೇಕೇ?" ಎಂದು ಕೇಳಿದರು. ಎರಡೂ ಸಂಖ್ಯೆಗಳು ನೂರಕ್ಕಿಂತ ಕಡಿಮೆಯಿದ್ದರೆ ಕೊರತೆಗಳ ಗುಣಲಬ್ಧದ ಕೊನೆಯ ಎರಡು ಅಂಕಿಗಳೇ ಉತ್ತರದ ಕೊನೆಯ ಎರಡು ಅಂಕಿಗಳು. 93 ಮತ್ತು 92ಕ್ಕೆ ಏಳೆಂಟಲೆ ಐವತ್ತಾರು, ಹಾಗಾಗಿ 56ರಲ್ಲಿ ಮುಗಿಯದವುಗಳನ್ನು ನೋಡುವ ಅಗತ್ಯವೇ ಇಲ್ಲ. ಆದರೆ 8556 ಮತ್ತು 8656 ಎರಡನ್ನೂ ಕೊಟ್ಟಿದ್ದರೆ ಎಡಭಾಗದ 85ನ್ನು ಕಾಣಲೇಬೇಕು.

ಒಬ್ಬ ಅಧ್ಯಾಪಿಕೆ ಕೇಳಿದ ಪ್ರಶ್ನೆ ಇನ್ನೂ ಆಳವಾದುದು: ಒಂಬತ್ತು ಕುರುಡಾದರೆ ಸ್ಥಾನ ತಪ್ಪಿದುದನ್ನು ಕಾಣುವ ಬೇರೆ ಶೇಷವಿಲ್ಲವೇ? ಇದೆ, ಅದು ತೊಂಬತ್ತೊಂಬತ್ತು. ಸಂಖ್ಯೆಯನ್ನು ಬಲದಿಂದ ಎರಡೆರಡು ಅಂಕಿಗಳ ಗುಂಪು ಮಾಡಿ ಕೂಡಿಸಿದರೆ 99ರ ಶೇಷ ಬರುತ್ತದೆ, ಏಕೆಂದರೆ ನೂರನ್ನು 99ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹತ್ತನ್ನು ಭಾಗಿಸಿದರೆ ಹತ್ತೇ ಉಳಿಯುವುದರಿಂದ ಒಂದು ಸ್ಥಾನ ಸರಿದರೂ ಇದಕ್ಕೆ ಗೊತ್ತಾಗುತ್ತದೆ. ನಮ್ಮ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕೊರತೆಗಳಿಂದ ಒಂದೊಂದು ಕಳೆದು ಗುಣಿಸಿದರೆ ಬರಬೇಕಾದ ಶೇಷ ಸಿಗುತ್ತದೆ. 98 ಮತ್ತು 97ಕ್ಕೆ ಕೊರತೆಗಳು 2 ಮತ್ತು 3, ಒಂದೊಂದು ಕಳೆದರೆ 1 ಮತ್ತು 2, ಗುಣಲಬ್ಧ 2. ಉತ್ತರ 9506ರಲ್ಲಿ 95 ಮತ್ತು 06 ಸೇರಿ 101, ಅದರಲ್ಲಿ ಮತ್ತೆ 1 ಮತ್ತು 01 ಸೇರಿ 2. ಸೊನ್ನೆ ಬಿಟ್ಟ 956ರಲ್ಲಿ 9 ಮತ್ತು 56 ಸೇರಿ 65. ತಪ್ಪು ಕೂಡಲೇ ಕಂಡಿತು. ಇದಕ್ಕೂ ಒಂದು ಮಿತಿಯಿದೆ. 89 ಮತ್ತು 88ರ ಎಡಭಾಗ 77, ಗುಣಲಬ್ಧ 132, ಸರಿಯಾದ ಉತ್ತರ 7832. ದಾಟಿಸದೆ 77132 ಎಂದು ಅಂಟಿಸಿದರೆ 7, 71 ಮತ್ತು 32ರ ಮೊತ್ತ 110. ಸರಿಯಾದ ಉತ್ತರದ 78 ಮತ್ತು 32ರ ಮೊತ್ತವೂ 110. ಎಡಭಾಗ ಹನ್ನೊಂದರ ಅಪವರ್ತ್ಯವಾದಾಗ ಈ ತಪ್ಪು 99ರ ಪರೀಕ್ಷೆಯಿಂದಲೂ ತಪ್ಪಿಸಿಕೊಳ್ಳುತ್ತದೆ. ಆಗ ಉಳಿಯುವುದು ಅಂಕಿಗಳನ್ನು ಎಣಿಸುವುದು: ನೂರಕ್ಕಿಂತ ಸಣ್ಣ ಎರಡು ಸಂಖ್ಯೆಗಳ ಗುಣಲಬ್ಧದಲ್ಲಿ ಐದು ಅಂಕಿಗಳಿರುವುದು ಸಾಧ್ಯವಿಲ್ಲ.